ಮ್ಯಾನೇಜರ್ ಇನ್ನೂ ಏನೂ ಹೇಳಿಲ್ಲ, ಆದರೂ ಯಾಕೆ ನೋಯುತ್ತದೆ? ರಿಜೆಕ್ಷನ್ ಸೆನ್ಸಿಟಿವಿಟಿ ಟಿಪ್ಪಣಿ

ಮನಶ್ಶಾಸ್ತ್ರ ಓದುತ್ತಾ ಕೆಲಸವನ್ನೂ ಮಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಆಫೀಸಿನಲ್ಲಿ ಹೊಸಬರಿಗೆ ಮಾರ್ಗದರ್ಶನ ಮಾಡುವ ಮೇಡಂ ಇದೇ ವಿಷಯ ಓದಿದವರು. ಅವರ ಜೊತೆ ಆಡಿದ ಮಾತು ತಲೆಯಲ್ಲಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ರಿಜೆಕ್ಷನ್ ಸೆನ್ಸಿಟಿವಿಟಿಯ ವ್ಯಾಖ್ಯೆ ಎಲ್ಲರಿಗೂ ಗೊತ್ತಿದೆ: ತಿರಸ್ಕಾರ ಬಂದೇ ಬರುತ್ತದೆ ಎಂದು ಆತಂಕದಿಂದ ಕಾಯುವುದು, ಸಣ್ಣ ಸುಳಿವಿನಲ್ಲೂ ಅದನ್ನೇ ಕಾಣುವುದು, ಕಂಡ ಕೂಡಲೇ ಜೋರಾಗಿ ಪ್ರತಿಕ್ರಿಯಿಸುವುದು. 1996ರಲ್ಲಿ ಜೆರಾಲ್ಡಿನ್ ಡೌನಿ ಮತ್ತು ಸ್ಕಾಟ್ ಫೆಲ್ಡ್‌ಮನ್ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಕೊಟ್ಟರು. ನಾನು ಸಿಕ್ಕಿಹಾಕಿಕೊಂಡದ್ದು ಅದರ ಅಂಕ ಹಾಕುವ ಸೂತ್ರದಲ್ಲಿ. ಅದು ಅರ್ಥವಾದ ಮೇಲೆ ಉಳಿದದ್ದು ತಾನಾಗಿ ಬಿಡಿಸಿಕೊಂಡಿತು.

ಸೂತ್ರ

ನಾನು: ಮೇಡಂ, ಪ್ರಶ್ನಾವಳಿಯಲ್ಲಿ 18 ಸಂದರ್ಭ ಇವೆ. ಆದರೆ ಒಂದರಲ್ಲೂ ಯಾರೂ ಬೈಯುವುದಿಲ್ಲ. ಸಹಪಾಠಿಯ ಹತ್ತಿರ ನೋಟ್ಸ್ ಕೇಳುವುದು, ಅಂಥವೇ.

ಮೇಡಂ: ಅದನ್ನೇ ಮೊದಲು ಗಮನಿಸಬೇಕು. ಎಲ್ಲವೂ ನೀನು ಏನನ್ನೋ ಕೇಳುವ ಗಳಿಗೆಗಳು. ಉತ್ತರ ಇನ್ನೂ ಬಂದಿಲ್ಲ. ಅಳೆಯುತ್ತಿರುವುದು ಉತ್ತರಕ್ಕೆ ಮುಂಚಿನ ಸ್ಥಿತಿಯನ್ನು. ಪ್ರತಿ ಸಂದರ್ಭಕ್ಕೂ ಎರಡು ಪ್ರಶ್ನೆ. ನಿನಗೆ ಎಷ್ಟು ಆತಂಕ, 1ರಿಂದ 6. ಅವರು ಒಪ್ಪುತ್ತಾರೆ ಅಂತ ನಿನಗೆ ಎಷ್ಟು ಅನ್ನಿಸುತ್ತದೆ, ಅದೂ 1ರಿಂದ 6.

ನಾನು: ಆಮೇಲೆ ಆತಂಕವನ್ನು, 7ರಿಂದ ನಿರೀಕ್ಷೆಯನ್ನು ಕಳೆದು ಬಂದದ್ದರಿಂದ ಗುಣಿಸಬೇಕು. ಈ 7 ಎಲ್ಲಿಂದ ಬಂತು?

ಮೇಡಂ: ಎರಡನೇ ಪ್ರಶ್ನೆಗೆ 6 ಅಂದರೆ ಖಂಡಿತ ಒಪ್ಪುತ್ತಾರೆ ಅಂತ. ನಮಗೆ ಬೇಕಿರುವುದು ಅದರ ಉಲ್ಟಾ, ಒಪ್ಪುವುದಿಲ್ಲ ಎಂಬ ನಿರೀಕ್ಷೆ. 7ರಿಂದ ಕಳೆದರೆ 6 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 6 ಆಗುತ್ತದೆ. ಅಳತೆ ತಿರುಗಿತು, ಅಷ್ಟೇ.

ನಾನು: 6ರಿಂದಲೇ ಕಳೆದರೆ?

ಮೇಡಂ: ಕಳೆದು ನೋಡು. ಒಬ್ಬನಿಗೆ ಆತಂಕ 6, ಒಪ್ಪುತ್ತಾರೆಂಬ ನಿರೀಕ್ಷೆಯೂ 6. 6ರಿಂದ 6 ಹೋದರೆ ಸೊನ್ನೆ, ಗುಣಿಸಿದರೆ ಒಟ್ಟು ಸೊನ್ನೆ. ಅಷ್ಟು ಆತಂಕಪಟ್ಟವನೂ ಏನೂ ಅನ್ನಿಸದವನೂ ಒಂದೇ ಅಂಕದಲ್ಲಿ ನಿಲ್ಲುತ್ತಾರೆ. 7ರಿಂದ ಕಳೆದರೆ ಅತಿ ಕಡಿಮೆ 1, ಅತಿ ಹೆಚ್ಚು 36. 18 ಸಂದರ್ಭಗಳ ಸರಾಸರಿಯೇ ಆ ವ್ಯಕ್ತಿಯ ಅಂಕ.

ನಾನು: ಗುಣಿಸುವುದು ಯಾಕೆ, ಕೂಡಿದರೆ ಆಗದಾ?

ಇಲ್ಲಿ ಅವರು ಟಿಶ್ಯೂ ಪೇಪರಿನ ಮೇಲೆ ಮೂವರನ್ನು ಬರೆದರು. ನೀವೂ ಒಮ್ಮೆ ಕೈಯಿಂದ ಬರೆದು ನೋಡಿ.

ಮೊದಲನೆಯವಳಿಗೆ ಆತಂಕ 6, ಒಪ್ಪುತ್ತಾರೆಂಬ ನಿರೀಕ್ಷೆ 6: 6 × 1 = 6. ಎರಡನೆಯವನಿಗೆ ಆತಂಕ 2, ನಿರೀಕ್ಷೆ 1: 2 × 6 = 12. ಮೂರನೆಯವಳಿಗೆ ಆತಂಕ 5, ನಿರೀಕ್ಷೆ 2: 5 × 5 = 25. ಕೂಡಿದ್ದರೆ ಬರುತ್ತಿದ್ದದ್ದು 7, 8, 10, ಮೂವರೂ ಹೆಚ್ಚುಕಡಿಮೆ ಒಂದೇ. ಮೊದಲನೆಯವಳಿಗೆ ಉತ್ತರ ತುಂಬಾ ಮುಖ್ಯ, ಆದರೆ ಸಿಗುತ್ತದೆಂಬ ನಂಬಿಕೆ ಇದೆ. ಎರಡನೆಯವನಿಗೆ ಸಿಗುವುದಿಲ್ಲ ಎಂದು ಗೊತ್ತು, ಆದರೆ ಅವನಿಗೆ ಅದು ದೊಡ್ಡದಲ್ಲ. ಎರಡೂ ಒಟ್ಟಿಗೆ ಬಂದದ್ದು ಮೂರನೆಯವಳಲ್ಲಿ ಮಾತ್ರ. ಮುಖ್ಯವಾದದ್ದು ಕೈತಪ್ಪಿಯೇ ತಪ್ಪುತ್ತದೆ ಅನ್ನಿಸಿದಾಗ ಹುಟ್ಟುವುದೇ ಈ ಸೂಕ್ಷ್ಮತೆ, ಅದಕ್ಕೇ ಗುಣಾಕಾರ. ನನಗೆ ಇಡೀ ಅಧ್ಯಾಯ ತೆರೆದುಕೊಂಡದ್ದು ಈ ಸಾಲಿನಲ್ಲಿ.

ಅಸ್ಪಷ್ಟ ಮಾತು

ಡೌನಿ ಮತ್ತು ಫೆಲ್ಡ್‌ಮನ್ ಈ ಪ್ರಶ್ನಾವಳಿ ಕೊಟ್ಟ ಪ್ರಬಂಧದಲ್ಲೇ ಇರುವ ಒಂದು ಪ್ರಯೋಗ ಪರೀಕ್ಷೆಗೂ ಬೇಕು. ಒಬ್ಬರು ಅಪರಿಚಿತರೊಬ್ಬರ ಜೊತೆ ಸ್ವಲ್ಪ ಹೊತ್ತು ಮಾತಾಡುತ್ತಾರೆ. ನಂತರ ಒಂದು ಗುಂಪಿಗೆ, ಎದುರಿನವರು ಮುಂದಿನ ಭಾಗಕ್ಕೆ ಬರಲು ಇಷ್ಟಪಡುತ್ತಿಲ್ಲ ಎಂದು ಕಾರಣ ಕೊಡದೆ ಹೇಳುತ್ತಾರೆ. ಇನ್ನೊಂದು ಗುಂಪಿಗೆ, ಸಮಯ ಸಾಲದು ಎನ್ನುತ್ತಾರೆ. ಕಾರಣ ಸಿಗದ ಗುಂಪಿನಲ್ಲಿ, ಹೆಚ್ಚು ಅಂಕದವರಿಗೆ ತಾವು ತಿರಸ್ಕೃತರಾದೆವೆಂಬ ಭಾವ ಉಳಿದವರಿಗಿಂತ ಹೆಚ್ಚಾಯಿತು. ಸಮಯ ಸಾಲದು ಎಂದು ಕೇಳಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಮೇಡಂ: ಅವರು ಸದಾ ನೊಂದುಕೊಂಡೇ ಇರುವವರಲ್ಲ, ನೋಡಿದೆಯಾ? ಕಾರಣ ಕೊಟ್ಟರೆ ಎಲ್ಲರ ಹಾಗೇ ಇರುತ್ತಾರೆ. ಕಾರಣ ಇಲ್ಲದ ಜಾಗವನ್ನು ಅವರ ನಿರೀಕ್ಷೆ ತುಂಬುತ್ತದೆ.

ನಾನು: ಮೊನ್ನೆ ಸಂಜೆ ಮ್ಯಾನೇಜರ್ ಹತ್ತಿರದಿಂದ ಮೆಸೇಜ್ ಬಂತು. ‘ರಿಪೋರ್ಟ್ ನೋಡಿದೆ. ನಾಳೆ ಮಾತಾಡೋಣ.’ ಅಷ್ಟೇ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮೇಡಂ: ಅದರಲ್ಲಿ ಟೀಕೆಯ ಒಂದು ಪದವೂ ಇಲ್ಲ. ನಿನ್ನ ಅಂಕ ಹಾಕು.

ಆತಂಕ 5. ರಿಪೋರ್ಟ್ ಒಪ್ಪುತ್ತಾರೆಂಬ ನಿರೀಕ್ಷೆ 2. ಒಟ್ಟು 25. ಪಕ್ಕದ ಸೀಟಿನ ಗೆಳತಿಗೂ ಅಂಥದ್ದೇ ಮೆಸೇಜ್ ಬಂದಿತ್ತು. ಅವಳಿಗೂ ಆತಂಕ 5ರಷ್ಟೇ, ಆದರೆ ನಿರೀಕ್ಷೆಯೂ 5. ಅವಳದ್ದು 10.

ಯಾವ ಅಂಕಿ ಬದಲಾಗುತ್ತದೆ

ನಾನು: ಹಾಗಾದರೆ ಆತಂಕ ಕಡಿಮೆ ಮಾಡಿಕೊಳ್ಳಬೇಕು ಅಂತಾನಾ?

ಮೇಡಂ: ಅದು ನೇರವಾಗಿ ಕೈಗೆ ಸಿಗುವುದಿಲ್ಲ. ನಿನಗೆ ಕೆಲಸ ಮುಖ್ಯ, ಅದು ಕಡಿಮೆ ಆಗಬೇಕಾದದ್ದೂ ಇಲ್ಲ. ಎರಡನೇ ಅಂಕಿ ನೋಡು. ಅದು ಊಹೆ. ಊಹೆಯನ್ನು ದಾಖಲೆಯ ಜೊತೆ ಹೋಲಿಸಬಹುದು. ಹಿಂದೆ ಕೊಟ್ಟ ರಿಪೋರ್ಟುಗಳಲ್ಲಿ ಪೂರ್ತಿ ವಾಪಸ್ ಬಂದದ್ದು ಎಷ್ಟು, ತಿದ್ದುಪಡಿಯ ಮೇಲೆ ಹೋದದ್ದು ಎಷ್ಟು, ಮೇಲ್ ತೆಗೆದು ನೋಡು.

ನೋಡಿದೆ. ತಿದ್ದುಪಡಿ ಇಲ್ಲದೆ ಹೋದದ್ದು ಅಪರೂಪ, ಪೂರ್ತಿ ವಾಪಸ್ ಬಂದದ್ದೂ ಅಪರೂಪ. ಪ್ರಾಮಾಣಿಕವಾಗಿ ನಿರೀಕ್ಷೆ 4 ಅನ್ನಬಹುದು. ಆತಂಕ 5ರಲ್ಲೇ ಇದ್ದರೂ 5 × 3 = 15. ಇದು ಅಳೆಯುವ ಸೂತ್ರ, ಚಿಕಿತ್ಸೆಯ ಸೂತ್ರವಲ್ಲ. ಒಂದೇ ಸಂದರ್ಭದ ಅಂಕದಿಂದ ಯಾರ ಬಗ್ಗೆಯೂ ತೀರ್ಮಾನಿಸಲಾಗದು. ಆದರೂ ಎಲ್ಲಿ ಕೈ ಹಾಕಬೇಕೆಂದು ತೋರಿಸಲು ಇದು ಸಾಕು.

ಕಾರಣ ಇಲ್ಲದ ಜಾಗವನ್ನೂ ಮೊದಲೇ ತುಂಬಿಬಿಡಬಹುದು ಎಂದರು ಮೇಡಂ. ರಿಪೋರ್ಟ್ ಕಳಿಸುವಾಗಲೇ ‘ಮೂರನೇ ಭಾಗದ ಲೆಕ್ಕ ಸರಿಯಿದೆಯಾ ನೋಡಿ ಸರ್, ಶುಕ್ರವಾರದೊಳಗೆ ಏನು ಬದಲಿಸಲೇಬೇಕು ತಿಳಿಸಿ’ ಎಂದು ಬರೆಯುವುದು. ಬರುವ ಉತ್ತರ ಆ ಲೆಕ್ಕದ ಬಗ್ಗೆ ಇರುತ್ತದೆ. 1996ರಲ್ಲೇ ಕ್ಲೂಗರ್ ಮತ್ತು ಡಿನಿಸಿ ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್‌ನಿಂದ ಕೆಲಸ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು ‘ನಾನು ಎಂಥವಳು’ ಎಂಬ ಕಡೆ ಹೋದರೆ ಫಲ ತಗ್ಗುತ್ತದೆ ಎಂಬುದು ಅವರ ವಾದ. ಕೆಲಸದ ಬಗ್ಗೆಯೇ ಪ್ರಶ್ನೆ ಕೇಳಿದರೆ ಗಮನ ಅಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚು.

ಮಿತಿ

ನಾನು: ಅಂದರೆ ಎಲ್ಲವೂ ನನ್ನ ತಲೆಯೊಳಗೇ ಇರೋದಾ?

ಮೇಡಂ: ಹಾಗೆ ಹೇಳಲೇಬೇಡ. ನಿರೀಕ್ಷೆ ಅನುಭವದಿಂದ ಬರುತ್ತದೆ. ಡೌನಿಯವರೂ ಇದ್ದ ತಂಡವೊಂದು 2002ರಲ್ಲಿ ಅಮೆರಿಕದ ಕಪ್ಪು ವಿದ್ಯಾರ್ಥಿಗಳ ಬಗ್ಗೆ ಬರೆಯಿತು. ಜನಾಂಗದ ಕಾರಣಕ್ಕೆ ತಮ್ಮನ್ನು ದೂರ ಇಡುತ್ತಾರೆಂಬ ನಿರೀಕ್ಷೆ ಅಲ್ಲಿ ಬದುಕಿನಿಂದಲೇ ಕಲಿತದ್ದು. ನಿನ್ನ ನಿರೀಕ್ಷೆ ದಾಖಲೆಗೆ ಸರಿಹೊಂದಿದರೆ ಅದನ್ನು ಸೂಕ್ಷ್ಮತೆ ಅಂತ ತಳ್ಳಿಹಾಕಬಾರದು.

ಗುರುತಿಸುವುದು ಹೇಗೆ ಎಂದು ಕೇಳಿದೆ. ಒಂದೇ ಮಟ್ಟದ ಕೆಲಸಕ್ಕೆ ಬೇರೆಯವರಿಗೆ ಬಂದ ಟಿಪ್ಪಣಿಯನ್ನೂ ನಿನಗೆ ಬಂದದ್ದನ್ನೂ ಅಕ್ಕಪಕ್ಕ ಇಟ್ಟು ನೋಡು ಎಂದರು. ಎಲ್ಲರಿಗೂ ಲೆಕ್ಕದ ಬಗ್ಗೆ ಬರೆದು ನಿನಗೆ ಮಾತ್ರ ನಿನ್ನ ಬಗ್ಗೆ ಬರೆದಿದ್ದರೆ, ಆ ಮೆಸೇಜುಗಳನ್ನು ಅಳಿಸದೆ ತೆಗೆದಿಟ್ಟುಕೊಂಡು ನನ್ನ ಹತ್ತಿರ ಬಾ ಎಂದರು.