ಅಕ್ಟೋಬರ್ 3 ದಾಟಿದರೆ ಅರ್ಧ ಸವಕಳಿ: ಈ ಲೆಕ್ಕ ಬಂದದ್ದೆಲ್ಲಿಂದ?

ಪೀಣ್ಯದಲ್ಲಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದುಕೊಳ್ಳಿ. 2024ರ ನವೆಂಬರ್‌ನಲ್ಲಿ 6 ಲಕ್ಷ ರೂಪಾಯಿಗೆ ಒಂದು ಹೊಸ ಸಿಎನ್‌ಸಿ ಯಂತ್ರ ತಂದಿತು. ಡಿಸೆಂಬರ್ 1ರಂದು ಯಂತ್ರ ಓಡಲು ಶುರುವಾಯಿತು. ಮಾರ್ಚ್ 31ಕ್ಕೆ ಈ ಯಂತ್ರದ ಸವಕಳಿ ಕಂಪನಿಯ ಪುಸ್ತಕದಲ್ಲಿ ಸುಮಾರು 36,000 ರೂಪಾಯಿ. ಆದಾಯ ತೆರಿಗೆಯ ಲೆಕ್ಕದಲ್ಲಿ 45,000. ಯಂತ್ರ ಒಂದೇ, ದಿನಾಂಕವೂ ಒಂದೇ, ಆದರೂ ಎರಡು ಮೊತ್ತ. ಎರಡೂ ಸರಿ.

ಅಕೌಂಟ್ಸ್ ಕೆಲಸಕ್ಕೆ ಹೊಸದಾಗಿ ಬಂದವರು ಇಲ್ಲೇ ತಬ್ಬಿಬ್ಬಾಗುತ್ತಾರೆ. ಕಾಲೇಜಿನಲ್ಲಿ ಕಲಿತದ್ದು ಒಂದೇ ಸೂತ್ರ: ವರ್ಷದ ಮಧ್ಯೆ ಕೊಂಡರೆ ಎಷ್ಟು ತಿಂಗಳು ಬಳಸಿದೆವೋ ಅಷ್ಟಕ್ಕೆ ಸವಕಳಿ. ಆಫೀಸಿಗೆ ಬಂದ ಮೇಲೆ ‘ಅರ್ಧ ಹಾಕು’ ಅಂತಾರೆ. ಈ ಅರ್ಧ ಎಲ್ಲಿಂದ ಬಂತು ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತೆರಿಗೆಗೆ ಸವಕಳಿ ಹಾಕುವುದು ಡಬ್ಲ್ಯೂಡಿವಿ ವಿಧಾನದಲ್ಲಿ: ಹಿಂದಿನ ವರ್ಷಗಳ ಸವಕಳಿ ಕಳೆದು ಉಳಿದ ಬೆಲೆಯ ಮೇಲೆ ಶೇಕಡಾವಾರು ಲೆಕ್ಕ. ಬಹುಕಾಲ ತೆರಿಗೆಯಲ್ಲಿ ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಲೆಕ್ಕ ಇಡಬೇಕಿತ್ತು. 1988-89ರ ಅಸೆಸ್‌ಮೆಂಟ್ ವರ್ಷದಿಂದ ‘ಬ್ಲಾಕ್’ ಬಂತು. ಒಂದೇ ದರದ ಒಂದೇ ಬಗೆಯ ಆಸ್ತಿಗಳೆಲ್ಲ ಒಂದು ಗುಂಪು, ಇಡೀ ಗುಂಪಿಗೆ ಒಂದೇ ಶಿಲ್ಕು. ಆಗ ಸಾಮಾನ್ಯ ಯಂತ್ರಗಳಿಗೆ ದರ ಶೇ. 33.33. ಮಾರ್ಚ್ ಕೊನೆಯಲ್ಲಿ ಯಂತ್ರ ತಂದು ಓಡಿಸಿದರೂ ಪೂರ್ತಿ ವರ್ಷದ ಸವಕಳಿ ಸಿಗುತ್ತಿತ್ತು. ವರ್ಷದ ಕೊನೆಯ ವಾರದಲ್ಲಿ ಖರೀದಿ ಮಾಡಿದವರಿಗೂ ಏಪ್ರಿಲ್‌ನಲ್ಲೇ ಮಾಡಿದವರಿಗೂ ಏನೂ ವ್ಯತ್ಯಾಸ ಇರಲಿಲ್ಲ.

1991ರ ಬಜೆಟ್ ಇದಕ್ಕೆ ಕಡಿವಾಣ ಹಾಕಿತು. ಸಾಮಾನ್ಯ ದರ ಶೇ. 25ಕ್ಕೆ ಇಳಿಯಿತು. ಜೊತೆಗೆ ಒಂದು ಷರತ್ತೂ ಸೇರಿತು: ಅದೇ ವರ್ಷ ಕೊಂಡ ಆಸ್ತಿಯನ್ನು ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಸವಕಳಿ ಅರ್ಧ ಮಾತ್ರ. ಮುಂದೆ ದರ ಶೇ. 15ಕ್ಕೆ ಬಂತು. ಷರತ್ತು ಹಾಗೇ ಉಳಿಯಿತು. ದಿನದ ಲೆಕ್ಕ ಹಾಕುವ ಬದಲು ಒಂದೇ ಗೆರೆ ಎಳೆದದ್ದರಿಂದ ಲೆಕ್ಕ ಸುಲಭವಾಯಿತು, ಅದನ್ನು ಒಪ್ಪಲೇಬೇಕು. ಆದರೆ ಒಂದು ದಿನದ ಅಂತರಕ್ಕೆ ಸವಕಳಿ ಅರ್ಧ ಆಗೋದು ನ್ಯಾಯ ಅಂತ ಹೇಳೋದು ಕಷ್ಟ.

ಗೆರೆ ಎಲ್ಲಿದೆ ಎಂದು ಎಣಿಸಿಯೇ ನೋಡಿ. ಅಕ್ಟೋಬರ್ 3ರಿಂದ ಮಾರ್ಚ್ 31ರವರೆಗೆ, ಎರಡೂ ದಿನ ಸೇರಿ, ಸರಿಯಾಗಿ 180. ಅಂದರೆ ಅಕ್ಟೋಬರ್ 3ಕ್ಕೆ ಬಳಕೆಗೆ ಬಂದರೆ ಪೂರ್ತಿ, 4ಕ್ಕೆ ಬಂದರೆ ಅರ್ಧ. ಫೆಬ್ರವರಿಗೆ 29 ದಿನ ಇರುವ ವರ್ಷ ಮಾತ್ರ ಅಕ್ಟೋಬರ್ 4ಕ್ಕೂ ಪೂರ್ತಿ ಸಿಗುತ್ತದೆ.

ತಪ್ಪು ಜಾಸ್ತಿ ಆಗೋದು ಇಲ್ಲೇ. ಕಾನೂನು ಕೇಳುವುದು ಬಳಕೆಗೆ ಬಂದ ದಿನ, ಬಿಲ್ ದಿನಾಂಕ ಅಲ್ಲ. ಬಿಲ್ ಸೆಪ್ಟೆಂಬರ್ 28ರದ್ದು, ಯಂತ್ರ ಲಾರಿಯಿಂದ ಇಳಿದದ್ದು ಅಕ್ಟೋಬರ್ 6ಕ್ಕೆ ಎಂದಾದರೆ ಅರ್ಧವೇ. ಟ್ಯಾಲಿಯಲ್ಲಿ ಕಾಣುವುದು ಖರೀದಿ ವೋಚರ್ ದಿನಾಂಕ ಮಾತ್ರ. ಅದನ್ನೇ ನೋಡಿ ಹಾಕಿದರೆ ಪೂರ್ತಿ ಸವಕಳಿ ಕೂತುಬಿಡುತ್ತದೆ. ಯಂತ್ರ ಕೂರಿಸಿದವರ ವರದಿ, ಮೊದಲ ಜಾಬ್‌ನ ದಾಖಲೆ ಫೈಲಿನಲ್ಲಿ ಇರಬೇಕು. ಟ್ಯಾಕ್ಸ್ ಆಡಿಟ್ ವರದಿಯಲ್ಲಿ ಹೊಸ ಆಸ್ತಿ ಬಳಕೆಗೆ ಬಂದ ದಿನಾಂಕವನ್ನೇ ಬರೆಯಬೇಕು.

ಈಗ ನಮ್ಮ ಪೀಣ್ಯದ ಯಂತ್ರಕ್ಕೆ ಬರೋಣ. ವರ್ಷದ ಆರಂಭದಲ್ಲಿ ಶೇ. 15ರ ಬ್ಲಾಕ್‌ನಲ್ಲಿ 10 ಲಕ್ಷ ಇತ್ತು. ಅದರ ಮೇಲೆ ಸವಕಳಿ 1,50,000. ಹೊಸ ಯಂತ್ರ ಬಳಕೆಯಲ್ಲಿದ್ದದ್ದು 121 ದಿನ, ಹಾಗಾಗಿ ಶೇ. 7.5ರಂತೆ 45,000. ಒಟ್ಟು 1,95,000. ಉಳಿದ ಶಿಲ್ಕು 14,05,000. ಮುಂದಿನ ವರ್ಷ ಈ ಇಡೀ ಮೊತ್ತದ ಮೇಲೆ ಶೇ. 15, ಅಂದರೆ 2,10,750. ಎರಡನೇ ವರ್ಷ ಅರ್ಧದ ಮಾತೇ ಇಲ್ಲ. ಮೊದಲ ವರ್ಷ ಸಿಗದ 45,000 ಎಲ್ಲೂ ಹೋಗಿಲ್ಲ, ಬ್ಲಾಕ್‌ನಲ್ಲೇ ಉಳಿದು ಮುಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ಯಂತ್ರದ ಮೇಲಿನ 1,08,000 ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ಬೆಲೆಗೆ ಸೇರಿಸಿ ಸವಕಳಿ ಹಾಕುವಂತಿಲ್ಲ.

ಪುಸ್ತಕದ ದಾರಿ ಬೇರೆ. 2014ರ ಏಪ್ರಿಲ್‌ನಿಂದ ಕಂಪನಿಗಳು ಕಂಪನಿ ಕಾಯ್ದೆ ಕೊಟ್ಟ ದರದ ಬದಲು ಯಂತ್ರದ ಬಾಳಿಕೆ ನೋಡಬೇಕು. ಸಾಮಾನ್ಯ ಯಂತ್ರಕ್ಕೆ 15 ವರ್ಷ, ಕೊನೆಗೆ ಶೇ. 5 ಬೆಲೆ ಉಳಿಯುತ್ತದೆ ಎಂದು ಹಿಡಿದರೆ ಡಬ್ಲ್ಯೂಡಿವಿ ದರ ಶೇ. 18.10 ಆಗುತ್ತದೆ. 6 ಲಕ್ಷಕ್ಕೆ ವರ್ಷಕ್ಕೆ 1,08,600. 121 ದಿನಕ್ಕೆ ಸುಮಾರು 36,000. ಎಂಟ್ರಿ ಸರಳ: ಸವಕಳಿ ಖಾತೆ ಡೆಬಿಟ್ 36,000, ಯಂತ್ರ ಖಾತೆಗೆ ಕ್ರೆಡಿಟ್ 36,000. ತೆರಿಗೆಯ 45,000ಕ್ಕೆ ಪುಸ್ತಕದಲ್ಲಿ ಎಂಟ್ರಿ ಹಾಕುವುದಿಲ್ಲ. ರಿಟರ್ನ್‌ನಲ್ಲಿ 36,000 ಲಾಭಕ್ಕೆ ಕೂಡಿಸಿ 45,000 ಕಳೆಯುತ್ತಾರೆ. ಹಳೆ ಯಂತ್ರಗಳದ್ದೂ ಹೀಗೇ.

ಅರ್ಧದ ನಿಯಮ ನಿಜವಾಗಿ ಸಿಕ್ಕಾದದ್ದು ಹೆಚ್ಚುವರಿ ಸವಕಳಿಯಲ್ಲಿ. ಉತ್ಪಾದನೆಯಲ್ಲಿ ತೊಡಗಿದವರು ಹೊಸ ಯಂತ್ರ ತಂದರೆ ಮಾಮೂಲಿ ಸವಕಳಿಯ ಜೊತೆಗೆ ಮೊದಲ ವರ್ಷ ಶೇ. 20 ಸಿಗುತ್ತಿತ್ತು. ನಮ್ಮ ಯಂತ್ರದಷ್ಟೇ ಬೆಲೆಯದಕ್ಕೆ ಅದು 1,20,000. 180 ದಿನ ಆಗದಿದ್ದರೆ 60,000. ಉಳಿದ 60,000ದ ಗತಿ ಏನು? ಕಾಯ್ದೆ ಏನೂ ಹೇಳಿರಲಿಲ್ಲ. ಎರಡನೇ ವರ್ಷ ಅದು ‘ಹೊಸ ಯಂತ್ರ’ ಅಲ್ಲ, ಆದ್ದರಿಂದ ಕೊಡಲು ಬರುವುದಿಲ್ಲ ಎಂದು ಇಲಾಖೆ ವಾದಿಸುತ್ತಿತ್ತು. ಕೈಗಾರಿಕೆಗೆ ಉತ್ತೇಜನ ಎಂದು ಕೊಟ್ಟ ರಿಯಾಯಿತಿ ನವೆಂಬರ್‌ನಲ್ಲಿ ಹೂಡಿಕೆ ಮಾಡಿದವನಿಗೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಕೋರ್ಟು ಮೆಟ್ಟಿಲು ಹತ್ತಿದ್ದರಲ್ಲಿ ಆಶ್ಚರ್ಯ ಇಲ್ಲ.

2015ರಲ್ಲಿ ಎರಡು ಕಡೆಯಿಂದ ಉತ್ತರ ಬಂತು. ಆ ವರ್ಷದ ಫೈನಾನ್ಸ್ ಆಕ್ಟ್, ಉಳಿದ ಅರ್ಧವನ್ನು ಮರುವರ್ಷ ಪಡೆಯಬಹುದು ಎಂದು ಸೇರಿಸಿತು. ಆದರೆ ಇದು 2016-17ರ ಅಸೆಸ್‌ಮೆಂಟ್ ವರ್ಷದಿಂದ. ಹಿಂದಿನ ವರ್ಷಗಳ ಕೇಸುಗಳು ಹಾಗೇ ಇದ್ದವು. ಅದೇ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ರಿಟ್ಟಲ್ ಇಂಡಿಯಾ ಪ್ರಕರಣದಲ್ಲಿ, ಉತ್ತೇಜನಕ್ಕೆಂದು ಕೊಟ್ಟ ಸೌಲಭ್ಯವನ್ನು ಉದಾರವಾಗಿ ಓದಬೇಕು, ಉಳಿದ ಅರ್ಧ ಮುಂದಿನ ವರ್ಷ ಸಿಗಬೇಕು ಎಂದು ತೀರ್ಪು ಕೊಟ್ಟಿತು. ಸೌಲಭ್ಯದ ಉದ್ದೇಶಕ್ಕೆ ಒಪ್ಪುವ ಓದು ಇದೇ.

ಈಗ ಈ ಹೆಚ್ಚುವರಿ ಸವಕಳಿ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಯ ಕಡಿಮೆ ದರ ಬೇಕೆಂದರೆ ಇದನ್ನು ಬಿಡಬೇಕು. ಪೀಣ್ಯದ ಕಂಪನಿ ಇದನ್ನು ಬಿಟ್ಟಿದೆ ಎಂದು ಹಿಡಿದೇ ಮೇಲೆ 45,000 ಎಂದು ಲೆಕ್ಕ ಹಾಕಿದ್ದು. ಮಾಮೂಲಿ ಸವಕಳಿಗೆ ಮಾತ್ರ 180 ದಿನದ ಗೆರೆ ಎರಡು ಪದ್ಧತಿಗೂ ಇದೆ. ರಿಟರ್ನ್ ಫಾರ್ಮಿನಲ್ಲೂ ಹೊಸ ಆಸ್ತಿಗೆ ಎರಡು ಬೇರೆ ಸಾಲು: 180 ದಿನ ಅಥವಾ ಹೆಚ್ಚು, ಅದಕ್ಕಿಂತ ಕಡಿಮೆ. ಫೈಲ್ ಮಾಡುವ ಮುನ್ನ ಆ ಎರಡನೇ ಸಾಲಿನ ಮೊತ್ತವನ್ನು ಯಂತ್ರ ಕೂರಿಸಿದ ವರದಿಯ ದಿನಾಂಕಕ್ಕೆ ತಾಳೆ ನೋಡಿ. ಕಳೆದ ವರ್ಷದ ಕೊನೆಯ ಶಿಲ್ಕು ಈ ವರ್ಷದ ಆರಂಭದ ಶಿಲ್ಕಿಗೆ ಸಮ ಇದೆಯಾ ಎಂದೂ ನೋಡಿ. ಸಮ ಇಲ್ಲದಿದ್ದರೆ ಹೋದ ವರ್ಷ ಅರ್ಧ ಹಾಕಿದ ಯಂತ್ರವನ್ನೇ ಮೊದಲು ಹುಡುಕಿ. ಅದರ ಬೆಲೆಯನ್ನು ಈ ವರ್ಷ ಮತ್ತೆ ಹೊಸ ಖರೀದಿಯಾಗಿ ಸೇರಿಸಿರುವ ಸಾಧ್ಯತೆ ಇರುತ್ತದೆ.