ಸಂಜೆ ಬಿಸಿಲಿನ ಉದ್ದ ನೆರಳನ್ನು ಫೋಟೋಗೆ ಸೇರಿಸುವುದು ಹೇಗೆ?

ಪ್ರಶ್ನೆ: ಮೋಡ ಕವಿದ ದಿನ ತೆಗೆದ ಫೋಟೋ ಒಂದಿದೆ. ಹುಲ್ಲುಹಾಸು, ಅದರಲ್ಲಿ ಎರಡು ಮರ, ಮುಂದೆ ಒಂದು ರಸ್ತೆ. ಫೋಟೋಶಾಪಿನಲ್ಲಿ ಅದರ ಆಕಾಶ ತೆಗೆದು ಸೂರ್ಯ ಮುಳುಗುವ ಆಕಾಶ ಹಾಕಿದೆ. ಮರಗಳನ್ನು ಕಾಪಿ ಮಾಡಿ, ತಲೆಕೆಳಗು ಮಾಡಿ, ಕಪ್ಪು ಬಣ್ಣ ತುಂಬಿ ನೆರಳನ್ನೂ ಹಾಕಿದೆ. ಆದರೂ ನೆರಳು ಹುಲ್ಲಿನ ಮೇಲೆ ಅಂಟಿಸಿದ ಕಾಗದದ ಹಾಗೆ ಕಾಣುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ನೀವು ನೆರಳು ಹಾಕಲು ಹೊರಟಿದ್ದೇ ತೊಂದರೆಯ ಮೂಲ. ಮೋಡದ ದಿನದ ಫೋಟೋದಲ್ಲಿ ಇಡೀ ಹುಲ್ಲುಹಾಸು ಆಗಲೇ ನೆರಳಿನಲ್ಲಿದೆ. ಅಲ್ಲಿ ಇಲ್ಲದಿರುವುದು ಬಿಸಿಲು. ನೆರಳಿನ ಮೇಲೆ ಇನ್ನೊಂದು ಕಪ್ಪು ನೆರಳು ಬಳಿದರೆ ಹುಲ್ಲು ಕೊಳೆಯಾದಂತೆ ಕಾಣುತ್ತದೆ, ಅಷ್ಟೇ. ಆದ್ದರಿಂದ ಕೆಲಸವನ್ನು ತಿರುಗಿಸಿ. ಹುಲ್ಲಿಗೆ ಬಿಸಿಲು ಹಾಕಿ, ಆ ಬಿಸಿಲಿನಲ್ಲಿ ಮರದ ಆಕಾರದ ತೂತು ಬಿಡಿ. ಆ ತೂತೇ ನಿಮ್ಮ ನೆರಳು.

ಹಾಗೆ ಮಾಡುವ ಮೊದಲು ತೂತು ಎಲ್ಲಿ ಬೀಳಬೇಕು, ಎಷ್ಟು ಉದ್ದ ಇರಬೇಕು ಅಂತ ಗೊತ್ತಾಗಬೇಕು. ಹೆಚ್ಚಿನವರು ಇದನ್ನು ಅಂದಾಜಿನಲ್ಲಿ ಮಾಡಿ ಕೆಡಿಸುತ್ತಾರೆ. ನಿಮ್ಮಂಥದ್ದೇ ಒಂದು ಫೋಟೋ ಇಟ್ಟುಕೊಂಡು ಲೆಕ್ಕ ಹಾಕೋಣ. 6000×4000 ಪಿಕ್ಸೆಲ್, ಫುಲ್ ಫ್ರೇಮ್ ಕ್ಯಾಮೆರಾ, 24 ಎಂಎಂ ಲೆನ್ಸ್. ಕ್ಯಾಮೆರಾ ನೆಲದಿಂದ 1.6 ಮೀಟರ್ ಎತ್ತರದಲ್ಲಿದೆ, ಮೇಲೆ ಕೆಳಗೆ ವಾಲಿಸಿಲ್ಲ. ಹಾಗಾಗಿ ದಿಗಂತ ಚಿತ್ರದ ಸರಿ ಮಧ್ಯದಲ್ಲಿದೆ. ಹೊಸ ಆಕಾಶದ ಸೂರ್ಯ ದಿಗಂತಕ್ಕಿಂತ 700 ಪಿಕ್ಸೆಲ್ ಮೇಲೆ, ಚಿತ್ರದ ಮಧ್ಯಕ್ಕೆ ಹತ್ತಿರದಲ್ಲಿದ್ದಾನೆ. ಈ ಲೆನ್ಸಿಗೆ, ಈ ಅಳತೆಯ ಚಿತ್ರಕ್ಕೆ ಅದು ಸುಮಾರು 10 ಡಿಗ್ರಿ ಎತ್ತರ.

ಸಮತಟ್ಟು ನೆಲದಲ್ಲಿ ಸೂರ್ಯ 45 ಡಿಗ್ರಿಯಲ್ಲಿದ್ದರೆ ನೆರಳು ಮರದಷ್ಟೇ ಉದ್ದ. 20 ಡಿಗ್ರಿಗೆ ಇಳಿದರೆ ಹತ್ತಿರಹತ್ತಿರ ಎರಡೂಮುಕ್ಕಾಲು ಪಟ್ಟು. 10 ಡಿಗ್ರಿಗೆ 5.7 ಪಟ್ಟು. 5 ಡಿಗ್ರಿಗೆ ಹನ್ನೊಂದು ಪಟ್ಟಿಗೂ ಜಾಸ್ತಿ. ಕೊನೆಯ ಕೆಲವು ಡಿಗ್ರಿಗಳಲ್ಲಿ ನೆರಳು ಓಡುತ್ತದೆ. ಅದಕ್ಕೇ ಸೂರ್ಯನನ್ನು ದಿಗಂತಕ್ಕೆ ತಾಗಿಸಿಟ್ಟು, ನೆರಳನ್ನು ಮರದ ಎರಡು ಪಟ್ಟು ಮಾತ್ರ ಎಳೆದರೆ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಈಗ ದಿಕ್ಕು. ಸೂರ್ಯನಿಂದ ನೇರ ಕೆಳಗೆ ಒಂದು ಗೆರೆ ಎಳೆಯಿರಿ. ಅದು ದಿಗಂತವನ್ನು ಮುಟ್ಟುವ ಜಾಗಕ್ಕೆ ಒಂದು ಚುಕ್ಕೆ ಇಡಿ. ಸಮತಟ್ಟು ನೆಲದ ಮೇಲಿನ ಎಲ್ಲ ನೆರಳುಗಳೂ ಈ ಚುಕ್ಕೆಯಿಂದ ಹೊರಟ ಗೆರೆಗಳ ಮೇಲೇ ಮಲಗಬೇಕು. ಚುಕ್ಕೆಯಿಂದ ಮರದ ಬುಡಕ್ಕೆ ಗೆರೆ ಎಳೆದು ಹಾಗೇ ಮುಂದಕ್ಕೆ ಬಿಡಿ, ಅದೇ ಆ ಮರದ ನೆರಳಿನ ದಾರಿ. ಎಡಗಡೆಯ ಮರದ ನೆರಳು ಎಡಕ್ಕೆ, ಬಲಗಡೆಯದು ಬಲಕ್ಕೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ನೆಲದ ಮೇಲೆ ಅವು ಸಮಾನಾಂತರವೇ. ಆದರೆ ಚಿತ್ರದಲ್ಲಿ ಸಮಾನಾಂತರವಾಗಿ ಎಳೆದರೆ ತಪ್ಪು. ದಿಗಂತ ಮರಗಳ ಹಿಂದೆ ಮರೆಯಾಗಿದ್ದರೆ, ದೂರಕ್ಕೆ ಹೋಗುವ ರಸ್ತೆಯ ಎರಡು ಅಂಚುಗಳನ್ನು ಹಿಗ್ಗಿಸಿ ನೋಡಿ. ನೆಲ ಸಮತಟ್ಟಾಗಿದ್ದರೆ ಅವು ಕೂಡುವ ಎತ್ತರವೇ ದಿಗಂತ.

ಸೂರ್ಯ ಫ್ರೇಮಿನ ಹೊರಗೆ ಸರಿಯಾಗಿ ಪಕ್ಕದಲ್ಲಿದ್ದರೆ ನೆರಳುಗಳು ಅಡ್ಡಡ್ಡ ಸಮಾನಾಂತರ. ಬೆನ್ನ ಹಿಂದಿದ್ದರೆ ನೆರಳು ನಮ್ಮಿಂದ ದೂರ ಓಡಿ ದಿಗಂತದ ಒಂದು ಬಿಂದುವಿನ ಕಡೆಗೆ ಕೂಡುತ್ತದೆ. ಈ ಎರಡರಲ್ಲಿ ಗೊಂದಲ ಕಡಿಮೆ. ನಿಮ್ಮ ಚಿತ್ರದಲ್ಲಿ ಸೂರ್ಯ ಎದುರಿಗಿದ್ದಾನೆ, ಅದಕ್ಕೇ ಬರೋಣ.

ಮೊದಲನೆಯದು ಒಂದು ಎಳೆ ಮರ. 3 ಮೀಟರ್ ಎತ್ತರ, ಕ್ಯಾಮೆರಾದಿಂದ 25 ಮೀಟರ್ ದೂರ ಅಂದುಕೊಳ್ಳಿ. ನೆರಳು 17 ಮೀಟರ್. ಅಂದರೆ ಅದರ ತುದಿ ನಮ್ಮಿಂದ 8 ಮೀಟರ್ ದೂರದಲ್ಲಿ ಬೀಳುತ್ತದೆ. ಚಿತ್ರದಲ್ಲಿ ಮರದ ಬುಡ ದಿಗಂತದಿಂದ 256 ಪಿಕ್ಸೆಲ್ ಕೆಳಗಿದೆ, ನೆರಳಿನ ತುದಿ 800 ಪಿಕ್ಸೆಲ್ ಕೆಳಗೆ ಬರುತ್ತದೆ. ಮೀಟರ್ ಲೆಕ್ಕ ಬೇಡ ಅನ್ನುವವರಿಗೆ ಸುಲಭ ದಾರಿ ಇದೆ. ಸೂರ್ಯನಿಂದ ಮರದ ತುದಿಗೆ ಒಂದು ಗೆರೆ ಎಳೆದು ಕೆಳಕ್ಕೆ ಮುಂದುವರಿಸಿ. ಅದು ನೆರಳಿನ ದಾರಿಯನ್ನು ಕತ್ತರಿಸುವ ಜಾಗವೇ ನೆರಳಿನ ತುದಿ. ಮರ ಸೂರ್ಯನ ನೇರ ಕೆಳಗೇ ಇದ್ದರೆ ಮಾತ್ರ ಎರಡು ಗೆರೆಯೂ ಒಂದರ ಮೇಲೊಂದು ಬೀಳುತ್ತವೆ, ಆಗ ಮೀಟರ್ ಲೆಕ್ಕವೇ ಗತಿ.

ಎರಡನೆಯದು 6 ಮೀಟರ್ ಮರ, 30 ಮೀಟರ್ ದೂರ. ಇದರ ನೆರಳು 34 ಮೀಟರ್. ಅಂದರೆ ನೆರಳಿನ ತುದಿ ಕ್ಯಾಮೆರಾ ದಾಟಿ ಹಿಂದೆ ಬೀಳುತ್ತದೆ! ಎರಡು ಗೆರೆ ಎಳೆದು ನೋಡಿದರೆ ಅವು ಕೆಳಗಡೆ ಕೂಡುವುದೇ ಇಲ್ಲ, ದೂರ ದೂರ ಹೋಗುತ್ತವೆ. ಇಂಥ ಮರದ ನೆರಳು ಫ್ರೇಮಿನ ಕೆಳ ಅಂಚಿನಿಂದ ಹೊರಗೆ ಹೋಗಲೇಬೇಕು, ಅದರ ತಲೆ ಚಿತ್ರದಲ್ಲಿ ಕಾಣಬಾರದು. ದೊಡ್ಡ ಮರದ ಇಡೀ ಗುಂಡು ತಲೆಯ ನೆರಳು ಹುಲ್ಲಿನ ಮೇಲೆ ಅಚ್ಚುಕಟ್ಟಾಗಿ ಕೂತಿದ್ದರೆ ಅದು ಕೈಯಿಂದ ಹಾಕಿದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಚಿತ್ರದಲ್ಲೂ ಇದೇ ಆಗಿರಬಹುದು ಅಂತ ನನ್ನ ಅನುಮಾನ.

ಇನ್ನು ಆಕಾರ. ಮರವನ್ನು ಸೆಲೆಕ್ಟ್ ಮಾಡಿ ಬೇರೆ ಲೇಯರಿಗೆ ತೆಗೆದು, ಕಪ್ಪು ತುಂಬಿ, `Edit > Transform > Flip Vertical` ಮಾಡಿ. ಸೂರ್ಯ ಎದುರಿಗಿರುವಾಗ ಇದು ಸರಿಹೋಗುತ್ತದೆ, ಯಾಕೆಂದರೆ ಸೂರ್ಯ ನೋಡುವ ಆಕಾರವೂ ನಾವು ನೋಡುವ ಆಕಾರವೂ ಹೆಚ್ಚುಕಡಿಮೆ ಒಂದೇ. ಸೂರ್ಯ ಪಕ್ಕದಲ್ಲಿದ್ದರೆ ಅವನಿಗೆ ಕಾಣುವುದು ಮರದ ಇನ್ನೊಂದು ಮಗ್ಗುಲು. ಆಗ ಬೇರೆ ಮರದ ಆಕಾರ ತಂದರೂ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ `Edit > Transform > Distort`. ಬುಡವನ್ನು ಬುಡಕ್ಕೆ ಕೂಡಿಸಿ. ಪೆಟ್ಟಿಗೆಯ ಕೆಳಗಿನ ಎರಡು ಮೂಲೆಗಳನ್ನು ಹೊರಕ್ಕೆ ಎಳೆಯಿರಿ. ಪೆಟ್ಟಿಗೆಯ ಎರಡು ಪಕ್ಕದ ಅಂಚುಗಳನ್ನು ಹಿಂದಕ್ಕೆ ಹಿಗ್ಗಿಸಿದರೆ ದಿಗಂತದ ಆ ಚುಕ್ಕೆಯಲ್ಲೇ ಕೂಡುವಂತಿರಬೇಕು. ಎಳೆ ಮರದ ಲೆಕ್ಕದಲ್ಲಿ ತುದಿಯ ಅಗಲ ಬುಡದ ಅಗಲದ ಮೂರು ಪಟ್ಟು. ಸುಮ್ನೆ ಉದ್ದಕ್ಕೆ ಎಳೆದರೆ ಸಾಲದು. ಮರದ ಅರ್ಧ ಎತ್ತರದ ಕೊಂಬೆಯ ನೆರಳು ನೆಲದ ಮೇಲೆ ಅರ್ಧ ದಾರಿಯಲ್ಲೇ ಬಿದ್ದರೂ, ಚಿತ್ರದಲ್ಲಿ ದಿಗಂತದಿಂದ 388 ಪಿಕ್ಸೆಲ್ ಕೆಳಗೆ ಕಾಣಬೇಕು. 256 ಮತ್ತು 800ರ ನಡುಮಧ್ಯ 528, ಅಲ್ವಾ? ದೂರದ ಭಾಗ ಒತ್ತಿಕೊಳ್ಳುತ್ತದೆ, ಹತ್ತಿರದ ಭಾಗ ಹಿಗ್ಗುತ್ತದೆ. ಅಂಚುಗಳನ್ನು ಸರಿಯಾಗಿ ಹಿಡಿದರೆ `Distort` ಇದನ್ನು ತಾನೇ ಮಾಡಿಕೊಡುತ್ತದೆ.

ನೆರಳಿನ ಅಂಚು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಅದರಿಂದ ನೆರಳು ಬೀಳಿಸುವ ವಸ್ತು ದೂರವಾದಷ್ಟೂ ಅಂಚು ಮಸುಕಾಗುತ್ತದೆ. ದೂರದ ಹೆಚ್ಚುಕಡಿಮೆ ನೂರರಲ್ಲೊಂದು ಪಾಲು ಮಸುಕು ಅಂತ ಇಟ್ಟುಕೊಳ್ಳಿ. ಎಳೆ ಮರದ ತುದಿಯಿಂದ ಅದರ ನೆರಳಿಗೆ 17 ಮೀಟರ್ ಚಿಲ್ಲರೆ, ಹಾಗಾಗಿ ಅಲ್ಲಿ ಅಡ್ಡಕ್ಕೆ ಸುಮಾರು 16 ಸೆಂಟಿಮೀಟರ್ ಮಸುಕು. ನಮ್ಮ ಚಿತ್ರದಲ್ಲಿ ಅದು 80 ಪಿಕ್ಸೆಲ್. ಉದ್ದಕ್ಕೆ ಇನ್ನೂ ಜಾಸ್ತಿ, ಹತ್ತಿರಹತ್ತಿರ ಒಂದು ಮೀಟರ್. ಕಾಂಡದ ಬುಡದಲ್ಲಿ ಮಾತ್ರ ಅಂಚು ಚೂಪು. 2 ಸೆಂಟಿಮೀಟರ್ ದಪ್ಪದ ಕೊಂಬೆಯ ನೆರಳಿಗೆ ಎರಡು ಮೀಟರ್ ದಾಟಿದ ಮೇಲೆ ಪೂರ್ತಿ ಕಪ್ಪಾದ ಭಾಗವೇ ಉಳಿಯುವುದಿಲ್ಲ. ಎಲೆ ಎಲೆಯೂ ಎಣಿಸುವಂತಿರುವ ಉದ್ದ ನೆರಳು ಸುಳ್ಳು ಅನ್ನುವುದು ಇದಕ್ಕೇ.

ಕಪ್ಪು ಲೇಯರಿನ ಮೇಲೆ `Filter > Blur Gallery > Field Blur` ತೆಗೆದು ಎರಡು ಪಿನ್ ಇಡಿ. ಬುಡದಲ್ಲಿ 0, ತುದಿಯಲ್ಲಿ 30ರಿಂದ ಶುರು ಮಾಡಿ ಕಣ್ಣಳತೆಯಲ್ಲಿ ಸರಿಮಾಡಿಕೊಳ್ಳಿ.

ಈಗ ಬಿಸಿಲು. ಹುಲ್ಲಿಗೆ ಒಂದು, ರಸ್ತೆಗೆ ಒಂದು `Curves` ಲೇಯರ್ ಹಾಕಿ. ಮಧ್ಯದ ಬಿಂದುವನ್ನು 128ರಿಂದ 160ರ ಆಸುಪಾಸಿಗೆ ಎತ್ತಿ, ಕೆಂಪು ಚಾನೆಲ್ ಸ್ವಲ್ಪ ಮೇಲೆ, ನೀಲಿ ಚಾನೆಲ್ ಸ್ವಲ್ಪ ಕೆಳಗೆ. ನೆರಳಿನ ಲೇಯರಿನ ಚಿತ್ರದ ಮೇಲೆ `Ctrl` ಒತ್ತಿ ಕ್ಲಿಕ್ ಮಾಡಿದರೆ ಅದರ ಸೆಲೆಕ್ಷನ್ ಬರುತ್ತದೆ. ಅದನ್ನು ಎರಡೂ `Curves` ಮಾಸ್ಕಿನಲ್ಲಿ ಕಪ್ಪು ತುಂಬಿ, ಮೂಲ ಕಪ್ಪು ಲೇಯರನ್ನು ಮುಚ್ಚಿಡಿ. ಎಷ್ಟೋ ಸಲ ಇಷ್ಟಕ್ಕೇ ನೆರಳು ನೆಲಕ್ಕೆ ಕೂರುತ್ತದೆ. ಬೇಕಾದರೆ ಅದೇ ಸೆಲೆಕ್ಷನ್ನಿನಿಂದ ಇನ್ನೊಂದು `Curves` ಹಾಕಿ ನೆರಳನ್ನು ಚೂರೇ ಚೂರು ಕೆಳಗಿಳಿಸಿ, ನೀಲಿ ಸ್ವಲ್ಪ ಎತ್ತಿ. ನೆರಳಿನ ಜಾಗಕ್ಕೆ ಬೆಳಕು ಬರುವುದು ಆಕಾಶದಿಂದ, ಹಾಗಾಗಿ ಅದು ಬಿಸಿಲಿಗಿಂತ ತಣ್ಣನೆಯ ಬಣ್ಣ.

ಹುಲ್ಲಿಗೆ ಇನ್ನೊಂದು ಕೆಲಸ ಇದೆ. ಇಳಿ ಬಿಸಿಲು ಹುಲ್ಲಿನ ತುದಿಗಳಿಗೆ ಮಾತ್ರ ತಾಗುತ್ತದೆ, ಸಂದುಗಳು ಕತ್ತಲಾಗಿಯೇ ಇರುತ್ತವೆ. ಹುಲ್ಲಿನ ಬಿಸಿಲಿನ ಲೇಯರ್ ಮೇಲೆ ಡಬಲ್ ಕ್ಲಿಕ್ ಮಾಡಿ `Blend If` ನೋಡಿ. `Underlying Layer` ಪಟ್ಟಿಯ ಕಪ್ಪು ಗುಂಡಿಯನ್ನು `Alt` ಒತ್ತಿ ಸೀಳಿ, ಒಂದನ್ನು 40ಕ್ಕೆ, ಇನ್ನೊಂದನ್ನು 100ಕ್ಕೆ ಇಡಿ. ಆಗ ಕತ್ತಲ ಸಂದುಗಳಿಗೆ ಬಿಸಿಲು ಹತ್ತುವುದಿಲ್ಲ, ನೆರಳಿನ ಅಂಚೂ ಹುಲ್ಲಿನ ಎಸಳುಗಳ ನಡುವೆ ತಾನಾಗಿ ಹರಿದುಹೋಗುತ್ತದೆ. ನೆರಳು ಅಂಟಿಸಿದ ಹಾಗೆ ಕಾಣುವುದು ತಪ್ಪಲು ಇಷ್ಟು ಲಾಭ ಕೊಡುವ ಗುಂಡಿ ಇನ್ನೊಂದಿಲ್ಲ. ರಸ್ತೆಗೆ ಇದು ಬೇಡ. ಡಾಂಬರು ಕಪ್ಪಗಿದ್ದರೆ ಬಿಸಿಲೇ ಮಾಯವಾಗಿಬಿಡುತ್ತದೆ. ರಸ್ತೆಗೆ ಬೇರೆ ಲೇಯರ್ ಹಾಕಿದ್ದು ಅದಕ್ಕೇ.

ಹುಲ್ಲಿನಿಂದ ರಸ್ತೆಗೆ ಇಳಿಯುವ ಅಂಚನ್ನು ಮಾತ್ರ ಹತ್ತಿರದಿಂದ ನೋಡಲೇಬೇಕು. ಹುಲ್ಲುಹಾಸು ಮೇಲೆ, ರಸ್ತೆ 15 ಸೆಂಟಿಮೀಟರ್ ಕೆಳಗೆ ಇದ್ದರೆ ಕಾಂಡದ ನೆರಳು ಅಂಚುಕಲ್ಲಿನ ಬಳಿ ಕಲ್ಲಿನದೇ ನೆರಳಿನಲ್ಲಿ ಸೇರಿಹೋಗಿ, ಅದು ಮುಗಿದ ಮೇಲೆ ರಸ್ತೆಯಲ್ಲಿ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಅದಕ್ಕೆ ರಸ್ತೆಯ ಭಾಗದ ನೆರಳನ್ನು ಕತ್ತರಿಸಿ ಬೇರೆಯಾಗಿ ಕೂರಿಸಿ. ಸೂರ್ಯ ಆಚೆ ಇರುವಾಗ ಅಂಚುಕಲ್ಲಿನ ನಮ್ಮ ಕಡೆಯ ಮುಖ ಕತ್ತಲಾಗಿದ್ದು, ಅದರ ನೆರಳು ರಸ್ತೆಯ ಮೇಲೆ ಬೀಳಬೇಕು. ಬಿಸಿಲು ಅದಕ್ಕೆ ಅಡ್ಡಲಾಗಿ ಬರುತ್ತಿದ್ದರೆ, 10 ಡಿಗ್ರಿಯಲ್ಲಿ ಆ ಪಟ್ಟಿ 85 ಸೆಂಟಿಮೀಟರ್ ಅಗಲ! ಮರದ ನೆರಳು 17 ಮೀಟರ್ ಉದ್ದ ಇದ್ದು, ಪಕ್ಕದ ಕಲ್ಲಿಗೆ ನೆರಳೇ ಇಲ್ಲದಿದ್ದರೆ ಏನು ಚೆಂದ? ಕಂಬ, ಬೆಂಚು, ಕಸದ ಡಬ್ಬಿ ಎಲ್ಲಕ್ಕೂ ಇದೇ ನ್ಯಾಯ.

ಸೂರ್ಯ ಎದುರಿಗಿದ್ದಾನೆ ಅಂದರೆ ಮರಗಳ ನಮ್ಮ ಕಡೆಯ ಮುಖ ಕತ್ತಲಾಗಬೇಕು ಅನ್ನುವುದನ್ನೂ ಮರೆಯಬೇಡಿ. ಮೋಡದ ಬೆಳಕಿನಲ್ಲಿ ಎಲ್ಲ ಎಲೆಯೂ ತಿಳಿಯಾಗಿ ಕಾಣುತ್ತಿರುತ್ತದೆ. ಮರಗಳನ್ನು ಇಳಿಸದೆ ನೆರಳಿನ ಮೇಲೆ ಎಷ್ಟು ಹೊತ್ತು ಕೂತರೂ ಚಿತ್ರ ಒಪ್ಪುವುದಿಲ್ಲ. ನೆಲ ಇಳಿಜಾರಾಗಿದ್ದರೆ ಉದ್ದದ ಲೆಕ್ಕವೂ ಬದಲಾಗುತ್ತದೆ. ಸೂರ್ಯನಿಂದ ಆಚೆಗೆ ಬರೀ 5 ಡಿಗ್ರಿ ಇಳಿದರೂ 10 ಡಿಗ್ರಿ ಸೂರ್ಯನ ನೆರಳು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಈ ವಿಧಾನ ಮೋಡದ ಬೆಳಕಿನ ಫೋಟೋಗೆ ಮಾತ್ರ. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಮರದ ಕೆಳಗೆ ಗಟ್ಟಿ ಕಪ್ಪು ನೆರಳು ಆಗಲೇ ಇರುತ್ತದೆ. ಅದನ್ನು ಅಳಿಸದೆ ಉದ್ದ ನೆರಳು ಹಾಕಿದರೆ ಎರಡು ಸೂರ್ಯರಿರುವ ಚಿತ್ರವಾಗುತ್ತದೆ. ಅಳಿಸಲು ಹೋದರೆ ಹುಲ್ಲು, ಎಲೆ, ಕಾಂಡ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ಅಂಥ ಫೋಟೋಗೆ ನಾನಾದರೆ ಸಂಜೆಯ ಆಕಾಶವನ್ನೇ ಹಾಕುವುದಿಲ್ಲ.