‘ತೀರಾ ಕೆಟ್ಟರೆ 48 ದಿನ’ ಅಂದವರಿಗೆ 55 ದಿನ ಹಿಡಿಯಿತು

ಈ ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ಯಾರಾದರೂ ಕೇಳಿದರೆ ಒಂದೇ ಸಂಖ್ಯೆ ಹೇಳಬೇಡಿ, ಮೂರು ಹೇಳಿ ಎನ್ನುವ ಪಾಠ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿತವರಿಗೆಲ್ಲ ಗೊತ್ತು. ಎಲ್ಲ ಸಲೀಸಾಗಿ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ತೀರಾ ಕೆಟ್ಟರೆ ಎಷ್ಟು. ಈ ಮೂರನ್ನು ಒಂದು ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ.

```
t = (a + 4m + b) / 6
```

ಇಲ್ಲಿ a ಒಳ್ಳೆಯ ಅಂದಾಜು, m ಸಾಮಾನ್ಯ ಅಂದಾಜು, b ಕೆಟ್ಟ ಅಂದಾಜು. ನಾನೂ ವರ್ಷಗಟ್ಟಲೆ ಇದನ್ನು ಎಕ್ಸೆಲ್ ಶೀಟಿಗೆ ಹಾಕಿ, ದಶಮಾಂಶ ಸಮೇತ ಬಂದ ಉತ್ತರ ನೋಡಿ ಖುಷಿಪಟ್ಟವನೇ. ಆ 4 ಎಲ್ಲಿಂದ ಬಂತು, 6 ಯಾಕೆ ಅಂತ ಕೇಳಿಕೊಂಡದ್ದು ಬಹಳ ತಡವಾಗಿ.

ಕತೆ ಶುರುವಾಗುವುದು ಅಮೆರಿಕದ ನೌಕಾಪಡೆಯಲ್ಲಿ, 1958ರ ಹೊತ್ತಿಗೆ. ಜಲಾಂತರ್ಗಾಮಿಯಿಂದ ಹಾರಿಸುವ ಪೋಲಾರಿಸ್ ಕ್ಷಿಪಣಿ ತಯಾರಾಗಬೇಕಿತ್ತು. ಹಿಂದಿನ ವರ್ಷವಷ್ಟೇ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ್ದರಿಂದ ಭಾರೀ ಅವಸರ ಬೇರೆ. ಅದರಲ್ಲಿದ್ದ ಎಷ್ಟೋ ಕೆಲಸಗಳನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ. ಹಾಗಾಗಿ ನೌಕಾಪಡೆಯ ವಿಶೇಷ ಯೋಜನೆಗಳ ಕಚೇರಿ, ಬೂಜ್ ಅಲೆನ್ ಎಂಬ ಸಲಹಾ ಸಂಸ್ಥೆ ಮತ್ತು ಕ್ಷಿಪಣಿ ಕಟ್ಟುತ್ತಿದ್ದ ಲಾಕ್‌ಹೀಡ್ ಕಂಪನಿ ಸೇರಿ ‘ಪರ್ಟ್’ ಎಂಬ ಪದ್ಧತಿ ರೂಪಿಸಿದರು. ಎಂಜಿನಿಯರ್ ಹತ್ತಿರ ಒಂದೇ ತಾರೀಖು ಕೇಳಿದರೆ ಅವನು ಮೇಲಿನವರು ಆಗಲೇ ಬರೆದಿಟ್ಟ ತಾರೀಖನ್ನೇ ವಾಪಸ್ ಹೇಳುತ್ತಾನೆ, ಅಲ್ವಾ? ಮೂರು ಕೇಳಿದರೆ ಆ ಗಡುವಿನಿಂದ ಅವನ ತಲೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ ಎನ್ನುವುದು ಇದರ ಹಿಂದಿದ್ದ ಒಂದು ಯೋಚನೆ. ಒಳ್ಳೆಯ ಯೋಚನೆಯೇ.

ಇನ್ನು ಸೂತ್ರದ ವಿಷಯ. ಆ ತಂಡದಲ್ಲಿದ್ದ ಚಾರ್ಲ್ಸ್ ಕ್ಲಾರ್ಕ್ 1962ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದ. ಕೆಲಸಗಳ ಅವಧಿ ನಿಜವಾಗಿ ಹೇಗೆ ಹರಡಿಕೊಂಡಿರುತ್ತದೆ ಎಂಬ ಮಾಹಿತಿ ತನ್ನಲ್ಲಿಲ್ಲ, ಲೆಕ್ಕಕ್ಕೆ ಏನಾದರೂ ಒಂದು ಮಾದರಿ ಬೇಕಲ್ಲ, ಅದಕ್ಕೆ ಬೀಟಾ ಎಂಬ ವಕ್ರರೇಖೆ ಹಿಡಿದೆ ಅಂತ ಅದರಲ್ಲಿ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡ. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಆಚೀಚೆ ಹರಡಿವೆ ಎಂದು ಹೇಳುವ ಅಳತೆಯೇ ಮಾನಕ ವಿಚಲನೆ. ಗಂಟೆಯಾಕಾರದ ರೇಖೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಂಥ 6 ವಿಚಲನೆಗಳ ಅಗಲದಲ್ಲಿ ಮುಗಿಯುತ್ತದೆ. ಆ ಲೆಕ್ಕದಲ್ಲಿ ಕೆಟ್ಟದ್ದರಿಂದ ಒಳ್ಳೆಯದನ್ನು ಕಳೆದು 6ರಿಂದ ಭಾಗಿಸಿದರೆ ಒಂದು ವಿಚಲನೆ ಎಂದಾಯಿತು. ಅದನ್ನು ಒಪ್ಪಿಕೊಂಡ ಮೇಲೆ ಸರಾಸರಿಗೆ ಹತ್ತಿರ ಬರುವ ಸುಲಭ ಸೂತ್ರ ಮೇಲಿನದು. ಅಂದರೆ ನೂರಾರು ಕೆಲಸಗಳನ್ನು ಅಳೆದು ಕಂಡುಕೊಂಡ ಸಂಖ್ಯೆಗಳಲ್ಲ ಇವು. ಲೆಕ್ಕದ ಅನುಕೂಲಕ್ಕೆ ಬಂದವು.

ಆದರೆ ನನ್ನ ತಕರಾರು ಈ 4 ಅಥವಾ 6ರ ಮೇಲಲ್ಲ. ವಕ್ರರೇಖೆ ಬದಲಿಸಿದರೆ ಉತ್ತರ ಅಲ್ಪಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ. ದೊಡ್ಡ ತೊಂದರೆ b ಒಳಗಿದೆ. ‘ತೀರಾ ಕೆಟ್ಟರೆ’ ಅಂತ ನಾವು ಹೇಳುವ ಸಂಖ್ಯೆ ನಿಜಕ್ಕೂ ಕೆಟ್ಟದ್ದೇ ಎಂದು ಸೂತ್ರ ನಂಬಿಕೊಂಡಿದೆ.

ಇದನ್ನು ಅಳೆದು ನೋಡಿದ್ದು 1994ರಲ್ಲಿ, ಕೆನಡಾದಲ್ಲಿ. ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್, ಮೈಕಲ್ ರಾಸ್ ಎಂಬ ಮನಶ್ಶಾಸ್ತ್ರಜ್ಞರು, ಪದವಿಯ ಕೊನೆಯಲ್ಲಿ ಪ್ರಬಂಧ ಬರೆಯುತ್ತಿದ್ದ 37 ವಿದ್ಯಾರ್ಥಿಗಳನ್ನು ಹಿಡಿದು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಎಲ್ಲ ಚೆನ್ನಾಗಿ ನಡೆದರೆ ಯಾವಾಗ, ಎಲ್ಲ ಕೆಟ್ಟರೆ ಯಾವಾಗ ಅಂತಲೂ ಕೇಳಿದರು. ಸರಾಸರಿ ಉತ್ತರ 33.9 ದಿನ. ಚೆನ್ನಾಗಿ ನಡೆದರೆ 27.4, ಕೆಟ್ಟರೆ 48.6. ನಿಜವಾಗಿ ಹಿಡಿದದ್ದು ಸರಾಸರಿ 55.5 ದಿನ. ತಾವು ಹೇಳಿದ ದಿನದೊಳಗೆ ಮುಗಿಸಿದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಈ ಮೂರು ಸಂಖ್ಯೆಗಳನ್ನು ಸುಮ್ನೆ ಪರ್ಟ್ ಸೂತ್ರಕ್ಕೆ ಹಾಕಿ ನೋಡಿದೆ. 27.4 ಕೂಡಿಸು 135.6 ಕೂಡಿಸು 48.6, ಒಟ್ಟು 211.6. ಆರರಿಂದ ಭಾಗಿಸಿದರೆ 35.3 ದಿನ. ಕೆಟ್ಟದ್ದನ್ನೂ ಗಣನೆಗೆ ತೆಗೆದುಕೊಂಡೆವು ಅಂತ ಸಮಾಧಾನಪಟ್ಟುಕೊಂಡರೂ ಮೊದಲ ಊಹೆಗೆ ಸೇರಿದ್ದು ಒಂದೂವರೆ ದಿನವೂ ಅಲ್ಲ! ವಿಚಲನೆ ಸುಮಾರು 3.5 ದಿನ. ನಿಜವಾದ 55.5 ಕೂತಿರುವುದು ಅಂದಾಜಿನಿಂದ ಹೆಚ್ಚುಕಡಿಮೆ 6 ವಿಚಲನೆ ಆಚೆ. ಸೂತ್ರದ ಪ್ರಕಾರ ಆಗಲೇಬಾರದ ಸಂಗತಿ ಅದು. ಇವು 37 ಜನರ ಸರಾಸರಿಗಳು, ಒಬ್ಬನ ಲೆಕ್ಕವಲ್ಲ, ನಿಜ. ಆದರೂ ದಿಕ್ಕು ಸ್ಪಷ್ಟವಾಗಿ ಕಾಣುತ್ತದೆ.

ಯಾಕೆ ಹೀಗೆ? 1979ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ ಇದನ್ನು ಯೋಜನೆಯ ಭ್ರಮೆ ಎಂಬರ್ಥದ ಹೆಸರಿಟ್ಟು ಕರೆದರು. ಕಾನೆಮನ್‌ಗೆ ಇದು ಸ್ವಂತ ಅನುಭವವೂ ಹೌದು. ಇಸ್ರೇಲಿನಲ್ಲಿ ಹೈಸ್ಕೂಲಿಗೆ ಒಂದು ಹೊಸ ಪಠ್ಯ ಬರೆಯುವ ತಂಡದಲ್ಲಿ ಅವರಿದ್ದರು. ಒಂದು ದಿನ ಎಲ್ಲರೂ ಚೀಟಿಯಲ್ಲಿ ಅಂದಾಜು ಬರೆದರು. ಒಂದೂವರೆಯಿಂದ ಎರಡೂವರೆ ವರ್ಷ ಅಂತ ಬಂತು. ಆಮೇಲೆ ತಂಡದಲ್ಲಿದ್ದ ಪಠ್ಯ ತಜ್ಞರನ್ನು, ಇಂಥ ಬೇರೆ ತಂಡಗಳಿಗೆ ಎಷ್ಟು ವರ್ಷ ಹಿಡಿಯಿತು ಅಂತ ಕೇಳಿದರು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 40 ಶೇಕಡಾ ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ 7ರಿಂದ 10 ವರ್ಷ ಬೇಕಾಯಿತು ಅಂದರು. ತಮಾಷೆ ಏನೆಂದರೆ ಚೀಟಿಯಲ್ಲಿ ಎರಡು ವರ್ಷದ ಆಸುಪಾಸು ಬರೆದವರಲ್ಲಿ ಅವರೂ ಒಬ್ಬರು! ಮಾಹಿತಿ ಅವರ ತಲೆಯಲ್ಲೇ ಇತ್ತು, ಚೀಟಿ ಬರೆಯುವಾಗ ಕೈಗೆ ಬರಲಿಲ್ಲ. ಕೊನೆಗೆ ಆ ಪಠ್ಯಕ್ಕೆ 8 ವರ್ಷ ಹಿಡಿಯಿತು.

ಕೆಲಸವನ್ನು ಒಳಗಿನಿಂದ ನೋಡುವಾಗ ನಮ್ಮ ಕಣ್ಣಿಗೆ ಕಾಣುವುದು ಹಂತಗಳು ಮಾತ್ರ. ಇದಾದ ಮೇಲೆ ಅದು, ಅದಾದ ಮೇಲೆ ಇನ್ನೊಂದು. ‘ಕೆಟ್ಟರೆ’ ಅಂತ ಕೇಳಿದಾಗಲೂ ಗೊತ್ತಿರುವ ಒಂದೆರಡು ತೊಂದರೆಗಳನ್ನು ಅದೇ ಸಾಲಿಗೆ ಸೇರಿಸುತ್ತೇವೆ. ಜ್ವರ ಬಂದು ಮಲಗಿದ್ದು, ಅನುಮತಿ ಕೊಡಬೇಕಾದವರು ರಜೆ ಹೋದದ್ದು, ಮಧ್ಯೆ ಬೇರೆ ಅರ್ಜೆಂಟ್ ಕೆಲಸ ಬಂದದ್ದು, ಇವು ಒಂದೊಂದೂ ಅಪರೂಪ. ಆದರೆ ಇಂಥವು ನೂರಾರು ಇವೆ. ಯಾವುದಾದರೂ ಒಂದು ಬಂದೇ ಬರುತ್ತದೆ.

ಹಾಗಾದರೆ b ಅನ್ನು ಎಲ್ಲಿಂದ ತರುವುದು? ನನಗೆ ಸರಿ ಕಂಡ ದಾರಿ, ಊಹಿಸದೆ ಹಳೆಯ ಪುಸ್ತಕದಿಂದ ತೆಗೆಯುವುದು. ನಿಮ್ಮ ತಂಡ ಮಾಡಿದ ಇದೇ ಥರದ ಹತ್ತು ಕೆಲಸ ತೆಗೆದುಕೊಳ್ಳಿ. ನಿಜವಾಗಿ ಹಿಡಿದ ದಿನಗಳನ್ನು ಹೇಳಿದ ದಿನಗಳಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಉದಾಹರಣೆಗೆ ಆ ಸಾಲು 0.9, 1.0, 1.1, 1.2, 1.3, 1.4, 1.6, 1.9, 2.5, 3.2 ಎಂದಿರಲಿ. ಹೊಸ ಕೆಲಸಕ್ಕೆ ನಿಮ್ಮ ಊಹೆ 10 ದಿನ. ಆಗ ಕೆಳತುದಿ 9 ದಿನ, ನಡುವಿನದು ಸುಮಾರು 13.5, ಮೇಲ್ತುದಿಗೆ ಒಂಬತ್ತನೆಯದನ್ನು ಹಿಡಿದರೆ 25. ಇವು ತೀರಾ ಕೊನೆಯ ತುದಿಗಳಲ್ಲ, ಹತ್ತಕ್ಕೊಮ್ಮೆ ದಾಟುವ ಗಡಿಗಳು. ಹಾಗಾಗಿ 1-4-1 ತೂಕ ಇಲ್ಲಿ ಹೊಂದುವುದಿಲ್ಲ. ತೈಲ ಹುಡುಕುವವರು ಬಳಸುವ 30-40-30 ತೂಕ ಹಾಕಿದರೆ 2.7, 5.4, 7.5 ಸೇರಿ 15.6 ದಿನ. ಅದೇ ಕೆಲಸಕ್ಕೆ ಮೀಟಿಂಗಿನಲ್ಲಿ ಕೂತು 8, 10, 14 ಅಂತ ಹೇಳಿದ್ದರೆ ಹಳೆಯ ಸೂತ್ರ 10.3 ಕೊಡುತ್ತಿತ್ತು.

15.6 ಕೇಳಿದ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ಗೊತ್ತು. ಒಮ್ಮೆ ನನಗೆ ‘ಇಷ್ಟೊಂದು ಯಾಕೆ, ಸ್ವಲ್ಪ ಪಾಸಿಟಿವ್ ಆಗಿ ಯೋಚಿಸಿ’ ಅಂದವರೂ ಇದ್ದರು. ಆ ಕೆಲಸಕ್ಕೆ 19 ದಿನ ಹಿಡಿಯಿತು.

ಈ ಪಟ್ಟಿಗೂ ಒಂದು ತೂತಿದೆ. ಅದರಲ್ಲಿ ಇರುವುದು ಮುಗಿದ ಕೆಲಸಗಳು ಮಾತ್ರ. ಆರು ತಿಂಗಳು ಎಳೆದು ಕೈಬಿಟ್ಟದ್ದಕ್ಕೆ ‘ಹಿಡಿದ ದಿನ’ ಅಂತ ಒಂದು ಸಂಖ್ಯೆಯೇ ಇಲ್ಲ, ಹಾಗಾಗಿ ಅದು ಸಾಲಿಗೆ ಬರುವುದೇ ಇಲ್ಲ. ಆ ಪಠ್ಯ ತಜ್ಞರು ಹೇಳಿದ 40 ಶೇಕಡಾ ಕೂಡ ಇಂಥವೇ. ನಾನು ಈಗ ಶೀಟಿನಲ್ಲಿ ಅವಕ್ಕೆ ಬೇರೆ ಸಾಲು ಇಟ್ಟಿದ್ದೇನೆ. ದಿನದ ಕಾಲಂ ಖಾಲಿ ಬಿಟ್ಟು, ಯಾವ ವಾರ ಯಾಕೆ ನಿಂತಿತು ಅಂತ ಮಾತ್ರ ಬರೆಯುತ್ತೇನೆ.